ಕಪ್ಪಾಗದ ಸೇಬು

ನನ್ನ ತಂಗಿಗೆ ನಮ್ಮ ಮನೆ ಆಗಿಬರುವುದಿಲ್ಲ ಎನ್ನುವುದು ನಮ್ಮಲ್ಲಿ ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದ ಸಂಗತಿ. ಬಂದು ಕೂತು ನಾಲ್ಕು ಮಾತಾಡುವಷ್ಟರಲ್ಲಿ ಅವಳಿಗೆ ಕೆಮ್ಮು ಶುರುವಾಗುತ್ತಿತ್ತು. ಆಮೇಲೆ ಎದೆಯೊಳಗಿಂದ ಸುಯ್ ಸುಯ್ ಎಂಬ ಸದ್ದು. ಬ್ಯಾಗಿನಿಂದ ಇನ್ಹೇಲರ್ ತೆಗೆದು ಎರಡು ಸಲ ಎಳೆದುಕೊಂಡು, ‘ಹೊರಡ್ತೀನಿ ಕಣೇ’ ಎಂದು ಎದ್ದುಬಿಡುತ್ತಿದ್ದಳು. ಆಸ್ತಮಾ ಅವಳಿಗೆ ಚಿಕ್ಕಂದಿನಿಂದಲೂ ಇತ್ತು. ಆದರೆ ಬೇರೆ ಯಾರ ಮನೆಯಲ್ಲೂ ಅದು ಹೀಗೆ ಸಮಯ ನೋಡಿಕೊಂಡು ಬರುತ್ತಿರಲಿಲ್ಲ.

ಕಾರಣಗಳನ್ನು ನಾವು ನಮನಮಗೆ ಬೇಕಾದಂತೆ ಹಂಚಿಕೊಂಡಿದ್ದೆವು. ನನ್ನ ಪ್ರಕಾರ ತಪ್ಪು ಅತ್ತೆಯ ಸಾಂಬ್ರಾಣಿ ಹೊಗೆಯದು. ಅತ್ತೆಯ ಪ್ರಕಾರ ರಸ್ತೆ ಅಗೆದು ಅಗೆದು ಎಬ್ಬಿಸಿದ ಧೂಳಿನದು. ನನ್ನ ಗಂಡ ಬಾಡಿಗೆಯವರ ಬೆಕ್ಕಿನ ಮೇಲೆ ಹಾಕುತ್ತಿದ್ದರು. ಇದ್ಯಾವುದೂ ಅಲ್ಲ, ಜೀವನ್ ಬಿಮಾ ನಗರದಲ್ಲಿ ಒಬ್ಬಳೇ ಆರಾಮಾಗಿರುವ ವಿಜ್ಞಾನಿಯಮ್ಮನಿಗೆ ಕೆ.ಆರ್. ಪುರದ ಅಕ್ಕನ ಮನೆಯಲ್ಲಿ ಕೂರಲು ಬೇಸರ ಅಷ್ಟೇ ಎಂಬ ಅನುಮಾನವೂ ನನಗಿತ್ತು. ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಖದಲ್ಲಿ ಕಾಣುತ್ತಿತ್ತೇನೋ.

ಅತ್ತೆಗೆ ಮಾತ್ರ ಅವಳ ಮೇಲೆ ವಿಶೇಷ ಪ್ರೀತಿ. ನಮ್ಮ ಮನೆ ಇರುವ ಜಾಗ ಒಂದು ಕಾಲಕ್ಕೆ ಅವರ ತೋಟ. ಈಗ ಅದರ ಮೇಲೆ ಬಾಡಿಗೆ ಮನೆಗಳು ಎದ್ದಿವೆ. ಹಿಂದುಗಡೆ ನೀರಿನ ಟ್ಯಾಂಕಿನ ಪಕ್ಕ ಎರಡು ನಿಂಬೆ ಗಿಡ ಮಾತ್ರ ಉಳಿದಿವೆ. ಆ ಎರಡು ಗಿಡದ ಹಣ್ಣೇ ಅವರ ರಾಜ್ಯ. ಹಣ್ಣು ಹೇರಳವಾದಾಗ ನಿಂಬೆ ಸ್ಕ್ವಾಶ್ ಮಾಡಿ ಬಾಟಲಿಗಳಲ್ಲಿ ತುಂಬಿಡುತ್ತಾರೆ. ಬಹಳ ಹಿಂದೆ ಮಹಿಳಾ ಸಂಘದ ತರಬೇತಿಯಲ್ಲಿ ಕಲಿತದ್ದು. ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಅವರ ಕೈಗೆ ಒಂದು ಲೋಟ ಬಂದಿರುತ್ತದೆ.

‘ಅಂಗಡೀದಲ್ಲ ಕಣಮ್ಮ, ಕೆಮಿಕಲ್ಲು ಗಿಮಿಕಲ್ಲು ಏನಿಲ್ಲ. ನಮ್ಮ ಗಿಡದ್ದು, ನನ್ನ ಕೈಯಾರೆ ಮಾಡಿದ್ದು’ ಎನ್ನುವುದನ್ನು ಲೋಟದ ಜೊತೆಗೇ ಕೊಡುತ್ತಾರೆ.

ತಂಗಿ ಅಂಗಡಿಯ ಜ್ಯೂಸ್ ಮುಟ್ಟುವವಳಲ್ಲ. ಪೊಟ್ಟಣದ ಹಿಂದೆ ಇರುವ ಸಣ್ಣ ಅಕ್ಷರವನ್ನೆಲ್ಲ ಓದಿ ವಾಪಸ್ ಇಡುವ ಜಾತಿ. ಆದರೆ ಅತ್ತೆಯ ಸ್ಕ್ವಾಶನ್ನು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಮನೆಯಲ್ಲಿ ಮಾಡಿದ್ದಕ್ಕೆ ಲೇಬಲ್ಲೇ ಇರುವುದಿಲ್ಲವಲ್ಲ.

ಒಂದು ಭಾನುವಾರ ಅವಳು ಬಂದಿದ್ದಳು. ಆರನೇ ಕ್ಲಾಸಿನ ನನ್ನ ಮಗಳು ಚಿಕ್ಕಮ್ಮನಿಗಾಗಿ ಒಂದು ದೂರು ಕಾದಿಟ್ಟಿದ್ದಳು. ಡಬ್ಬಿಗೆ ಹಾಕಿಕೊಂಡು ಹೋದ ಸೇಬು ಊಟದ ಹೊತ್ತಿಗೆ ಕಪ್ಪಾಗುತ್ತಿತ್ತು, ಕ್ಲಾಸಿನ ಹುಡುಗಿಯರು ‘ತುಕ್ಕು ಹಿಡಿದ ಆಪಲ್’ ಎಂದು ನಗುತ್ತಿದ್ದರು. ನನ್ನನ್ನು ಕೇಳಿದ್ದಳು. ‘ಇಟ್ರೆ ಕಪ್ಪಾಗುತ್ತೆ, ಬೇಗ ತಿನ್ನು’ ಎಂದು ನಾನು ನನ್ನ ವಿಜ್ಞಾನವನ್ನು ಮುಗಿಸಿದ್ದೆ.

‘ಚಿಕ್ಕಮ್ಮಾ, ಕಟ್ ಮಾಡಿದ್ರೆ ಆಪಲ್ ಯಾಕೆ ಬ್ರೌನ್ ಆಗುತ್ತೆ?’

ಗಿಡಗಳ ಎನ್‌ಜೈಮುಗಳೇ ನನ್ನ ತಂಗಿಯ ಪ್ರಯೋಗಾಲಯದ ಕೆಲಸ. ಇಂಥ ಪ್ರಶ್ನೆ ಕೇಳಿದರೆ ಅವಳಿಗೆ ಹಬ್ಬ. ಅತ್ತೆ ಕೊಟ್ಟ ಲೋಟವನ್ನು ಒಂದೇ ಗುಟುಕಿಗೆ ಮುಗಿಸಿ, ಚಾಕು ತರಿಸಿ, ಒಂದು ಸೇಬನ್ನು ಎರಡು ಹೋಳು ಮಾಡಿದಳು.

‘ಇದರೊಳಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಮನೆಗಳಿವೆ ಅಂದ್ಕೋ. ಒಂದೊಂದು ಮನೇಲೂ ಒಂದು ಕೋಣೇಲಿ ಫಿನಾಲ್ ಅನ್ನೋ ವಸ್ತು, ಇನ್ನೊಂದು ಕೋಣೇಲಿ ಒಂದು ಎನ್‌ಜೈಮ್. ಮಧ್ಯೆ ಗೋಡೆ ಇರೋ ತನಕ ಇಬ್ಬರಿಗೂ ಭೇಟಿ ಇಲ್ಲ. ಚಾಕು ಹಾಕಿದ್ಯಾ, ಗೋಡೆ ಒಡೀತು. ಹೊರಗಿಂದ ಗಾಳೀನೂ ನುಗ್ತು. ಗಾಳೀಲಿರೋ ಆಕ್ಸಿಜನ್ ಇಟ್ಕೊಂಡು ಆ ಎನ್‌ಜೈಮ್ ಫಿನಾಲನ್ನ ಬದಲಾಯಿಸುತ್ತೆ. ಬದಲಾದದ್ದೆಲ್ಲ ಒಂದಕ್ಕೊಂದು ಅಂಟ್ಕೊಂಡು ಬ್ರೌನ್ ಬಣ್ಣ ಆಗುತ್ತೆ.’

‘ಅಂದ್ರೆ ಕೆಟ್ಟೋಗಿದೆ ಅಂತಾನಾ?’

‘ಇಲ್ಲಮ್ಮ. ಆಗ ತಾನೆ ಬ್ರೌನ್ ಆಗಿದ್ದನ್ನ ಧಾರಾಳವಾಗಿ ತಿನ್ನಬಹುದು. ನೋಡೋಕೆ ಚೆನ್ನಾಗಿರಲ್ಲ, ಅಷ್ಟೇ.’

‘ಆಗದೇ ಇರೋ ಹಾಗೆ ಮಾಡೋದು ಹೇಗೆ?’

‘ಎನ್‌ಜೈಮ್, ಫಿನಾಲ್, ಗಾಳಿ ಮೂರೂ ಸೇರಿದ್ರೆ ತಾನೆ ಆಟ? ಯಾವುದಾದ್ರೂ ಒಂದನ್ನ ಔಟ್ ಮಾಡು. ನಿಂಬೆಹಣ್ಣು ಒಂದು ದಾರಿ. ಹುಳೀಲಿ ಆ ಎನ್‌ಜೈಮ್‌ಗೆ ಕೆಲಸ ಮಾಡೋಕಾಗಲ್ಲ. ಮಿಕ್ಕಿದ್ದು ನಾನು ಹೇಳಲ್ಲ. ನೀನೇ ಮಾಡಿ ನೋಡು, ಶುಕ್ರವಾರ ಬರ್ತೀನಿ.’

ಇಷ್ಟು ಹೇಳುವಷ್ಟರಲ್ಲಿ ಕೆಮ್ಮು ಬಂತು. ಅತ್ತೆ ಓಡಿಹೋಗಿ ದೇವರ ಮುಂದಿದ್ದ ಊದುಬತ್ತಿಯನ್ನೂ ಕಿತ್ತು ಹೊರಗೆ ಹಾಕಿದರು. ಪ್ರಯೋಜನವಾಗಲಿಲ್ಲ. ತಂಗಿ ಇನ್ಹೇಲರ್ ಎಳೆದುಕೊಂಡು ಮೆಟ್ರೋ ಕಡೆ ನಡೆದಳು. ಅವಳ ಊಟಕ್ಕೆಂದು ಹೆರೆದಿಟ್ಟ ತೆಂಗಿನಕಾಯಿ ಅಡುಗೆಮನೆಯಲ್ಲಿ ಹಾಗೇ ಉಳಿಯಿತು. ನಾನು ಸಿಟ್ಟಿನಲ್ಲಿ ಪಾತ್ರೆಗಳನ್ನು ಕುಕ್ಕಿದೆ.

ಆ ವಾರ ನಮ್ಮ ಅಡುಗೆಮನೆ ನನ್ನ ಕೈ ತಪ್ಪಿತು. ಎಲ್ಲಿ ನೋಡಿದರೂ ತಟ್ಟೆ, ತಟ್ಟೆಯಲ್ಲಿ ಸೇಬು. ನಿಂಬೆರಸ ಸವರಿದ್ದು ಹೆಚ್ಚುಕಮ್ಮಿ ಬಿಳಿಯಾಗಿಯೇ ಇತ್ತು, ಆದರೆ ಹುಳಿ. ಉಪ್ಪುನೀರಿನಲ್ಲಿ ಅದ್ದಿದ್ದು ನಿಧಾನವಾಗಿ ಕಪ್ಪಾಯಿತು. ಕುದಿಯುವ ನೀರಿನಲ್ಲಿ ಹಾಕಿ ತೆಗೆದದ್ದರ ಬಣ್ಣ ಕೆಡಲಿಲ್ಲ, ಆದರೆ ಬೆಂದ ಸೋರೆಕಾಯಿಯಂತೆ ಮೆತ್ತಗಾಗಿತ್ತು. ‘ಕ್ಲಾಸಲ್ಲಿ ಇದನ್ನ ಯಾರು ತಿಂತಾರೆ?’ ಎಂದು ಮಗಳು ಮುಖ ಸಿಂಡರಿಸಿದಳು. ಅವಳಿಗೆ ಬೇಕಿದ್ದದ್ದು ಆಗ ತಾನೆ ಹೆಚ್ಚಿದಂತೆ ಕಾಣುವ ಹೋಳು. ಮಿಕ್ಕದ್ದನ್ನೆಲ್ಲ ತಿಂದು ಮುಗಿಸುವ ಭಾಗ್ಯ ನನ್ನದು.

ಶುಕ್ರವಾರ ಸಂಜೆ ತಂಗಿ ಕೆಲಸ ಮುಗಿಸಿ ನೇರವಾಗಿ ಬಂದಳು. ನೆಗಡಿಯಾಗಿ ಮೂಗು ಕಟ್ಟಿತ್ತು. ನನ್ನ ಗಂಡ ಊರಿನಲ್ಲಿರಲಿಲ್ಲ. ಅತ್ತೆ ಎಂದಿನಂತೆ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಚಿಕ್ಕಮ್ಮನ ಕೈ ಹಿಡಿದು ಊಟದ ಮೇಜಿನ ಹತ್ತಿರ ಎಳೆದೊಯ್ದಳು.

‘ಅವಳು ಮೊದ್ಲು ಗಂಟಲು ತಣ್ಣಗೆ ಮಾಡ್ಕೊಳ್ಲಿ ಬಿಡೇ’ ಎಂದರು ಅತ್ತೆ.

‘ಆಮೇಲೆ ಅಜ್ಜಿ! ಚಿಕ್ಕಮ್ಮಾ, ಇದು ಬೆಳಿಗ್ಗೆ ಸ್ಕೂಲಿಗೆ ಹೋಗೋಕೆ ಮುಂಚೆ ಕಟ್ ಮಾಡಿಟ್ಟಿದ್ದು.’

ಮುಚ್ಚಿದ ಸ್ಟೀಲ್ ಡಬ್ಬಿಯನ್ನು ಅವಳ ಮುಖದ ಹತ್ತಿರವೇ ಹಿಡಿದು ಮುಚ್ಚಳ ತೆಗೆದಳು. ಒಳಗೆ ಹೋಳುಗಳು ಸಿಪ್ಪೆ ತೆಗೆದ ಮೂಲಂಗಿಯಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಬೆಳಿಗ್ಗೆ ಹೆಚ್ಚಿದ್ದೆಂದರೆ ಯಾರೂ ನಂಬುವಂತಿರಲಿಲ್ಲ. ನಾನೂ ಬಗ್ಗಿ ನೋಡಿದೆ. ಹೆತ್ತವಳಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ನನಗಂತೂ ಮಗಳು ಆಗಲೇ ವಿಜ್ಞಾನಿಯಾಗಿಬಿಟ್ಟಂತೆ ಕಂಡಿತು.

‘ಅಯ್ಯೋ ಕಳ್ಳಿ, ನನ್ನ ನಿಂಬೆಹಣ್ಣನ್ನೂ ಸೋಲಿಸಿಬಿಟ್ಯಲ್ಲೇ! ಏನು ಹಾಕ್ದೆ?’ ಎಂದಳು ತಂಗಿ.

‘ನೀನೇ ಕಂಡುಹಿಡಿ.’

ತಂಗಿ ನಗುತ್ತಾ ಒಂದು ಹೋಳು ಬಾಯಿಗಿಟ್ಟುಕೊಂಡಳು. ‘ಉಪ್ಪು... ಉಪ್ಪಲ್ಲ... ನಿಂಬೆ ಇದೆ, ಅದರ ಜೊತೆ ಇನ್ನೇನೋ...’ ಎನ್ನುತ್ತಾ ಅಗಿದು ನುಂಗಿದಳು. ಆಮೇಲೆ ಮಾತು ನಿಂತಿತು.

ಮೊದಲು ಅವಳು ಆಟಕ್ಕೆ ಹಾಗೆ ಮಾಡುತ್ತಿದ್ದಾಳೆ ಅಂದುಕೊಂಡೆ. ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿದಳು. ಉಸಿರು ಒಳಗೆ ಹೋಗುವ ಸದ್ದು ಬಂತು, ಹೊರಗೆ ಬರಲು ಒದ್ದಾಡುತ್ತಿತ್ತು. ಎದೆ ಉಬ್ಬಿಕೊಂಡು ಹಾಗೇ ನಿಂತಿತ್ತು. ಬ್ಯಾಗಿಗೆ ಕೈ ಹಾಕಿ ಇನ್ಹೇಲರ್ ತೆಗೆದು ಎಳೆದುಕೊಂಡಳು, ಮತ್ತೆ ಎಳೆದುಕೊಂಡಳು. ಪ್ರತಿ ಸಲವೂ ಅಷ್ಟರಲ್ಲಿ ಸುಧಾರಿಸುತ್ತಿದ್ದವಳು ಆವತ್ತು ಸುಧಾರಿಸಲಿಲ್ಲ. ನನ್ನ ಕಡೆ ತಿರುಗಿದಳು. ಏನೋ ಹೇಳಲು ಬಾಯಿ ತೆರೆದಳು, ಒಂದು ಅಕ್ಷರವೂ ಹೊರಡಲಿಲ್ಲ. ತುಟಿಯ ಬಣ್ಣ ಬದಲಾಗುತ್ತಿತ್ತು. ನನ್ನ ಕಣ್ಣೆದುರೇ ನನ್ನ ತಂಗಿ, ನೀರಿಲ್ಲದೆಯೇ ಮುಳುಗುತ್ತಿದ್ದಳು.

ಎದುರುಮನೆಯ ಬಾಡಿಗೆಯವರ ಆಟೋ ಪುಣ್ಯಕ್ಕೆ ಬಾಗಿಲಲ್ಲೇ ನಿಂತಿತ್ತು. ಅವಳನ್ನು ಅದಕ್ಕೆ ಹತ್ತಿಸುತ್ತಲೇ ನಾನು ಅತ್ತೆಯ ಮೇಲೆ ಕೂಗಾಡಿದೆ. ‘ಎಷ್ಟು ಸಲ ಹೇಳಿದ್ದೀನಿ ಅತ್ತೆ, ಅವಳು ಬರೋ ದಿನ ಆ ಸಾಂಬ್ರಾಣಿ ಹಾಕ್ಬೇಡಿ ಅಂತ! ಶುಕ್ರವಾರ ಒಂದು ದಿನ ಹೊಗೆ ಹಾಕ್ದೇ ಇದ್ರೆ ನಿಮ್ಮ ದೇವರು ಎದ್ದು ಹೋಗ್ತಿದ್ನಾ?’

‘ಇವತ್ತು ಹಾಕೇ ಇಲ್ವಲ್ಲಮ್ಮ’ ಎಂದರು ಅತ್ತೆ. ಲೋಟ ಇನ್ನೂ ಕೈಯಲ್ಲೇ ಇತ್ತು. ‘ಅವಳು ಬರ್ತಾಳೆ ಅಂತ ಹಾಕಿಲ್ಲ.’

ನಾನು ಕೇಳಿಸಿಕೊಂಡೆ, ನಿಲ್ಲಲಿಲ್ಲ. ಮಗಳು ತಾನೂ ಆಟೋ ಹತ್ತಿ ಕಂಬಿ ಹಿಡಿದು ಕೂತಳು. ಅವಳ ಮುಖ ಸುಣ್ಣದಂತಿತ್ತು. ಭಯಕ್ಕೆ ಅಂದುಕೊಂಡೆ. ಭಯವೇ, ಆದರೆ ಯಾವುದರ ಭಯ ಎಂದು ನನಗೆ ಹೊಳೆಯಲಿಲ್ಲ.

ದೊಡ್ಡ ರಸ್ತೆಯ ನರ್ಸಿಂಗ್ ಹೋಮಿನಲ್ಲಿ ಅವಳನ್ನು ನೋಡಿದ ಕೂಡಲೇ ಒಳಗೆ ಕರೆದುಕೊಂಡರು. ಆಕ್ಸಿಜನ್, ಮುಖಕ್ಕೆ ಮಾಸ್ಕ್, ಮಾಸ್ಕಿನೊಳಗೆ ಹೊಗೆಯಾಡುವ ಔಷಧಿ, ಕೈಗೆ ಇಂಜೆಕ್ಷನ್. ನಾನು ಪರದೆಯ ಪಕ್ಕ ನಿಂತು ಅವಳ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಹೊರಗೆ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಆ ಗದ್ದಲದ ನಡುವೆಯೂ ಆ ಸುಯ್ ಸುಯ್ ಸದ್ದೊಂದೇ ಕಿವಿಯಲ್ಲಿತ್ತು. ಬಹಳ ಹೊತ್ತಿನ ಮೇಲೆ ಅದು ತಗ್ಗಿತು. ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿ ಹುಬ್ಬು ಕುಣಿಸಿದಾಗ ನನಗೆ ಅಳು ಬಂತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಂದೊಂದಾಗಿ ಕೇಳಿದರು. ಹೊಗೆ? ಇರಲಿಲ್ಲ. ಧೂಳು? ಬಾಗಿಲು ಹಾಕಿತ್ತು. ಮಾತ್ರೆ? ಯಾವುದೂ ಇಲ್ಲ.

‘ಏನು ತಿಂದ್ರು?’

‘ಆಪಲ್, ಒಂದೇ ಒಂದು ತುಂಡು. ಅದನ್ನ ದಿನಾ ತಿಂತಾಳೆ.’

ಡಾಕ್ಟರು ಅದನ್ನು ಅಲ್ಲಿಗೇ ಬಿಟ್ಟರು. ‘ನೆಗಡಿ ಇದೆ, ಅದೂ ಕಾರಣ ಇರಬಹುದು. ಆದ್ರೆ ಇಷ್ಟು ಬೇಗ, ಇಷ್ಟು ಜೋರಾಗಿ ಬಂದಿದೆ ಅಂದ್ರೆ ಏನೋ ಒಂದು ಇದನ್ನ ಎಬ್ಬಿಸಿದೆ. ಅದು ಏನು ಅಂತ ಗೊತ್ತಾಗ್ಲೇಬೇಕು. ಇನ್ನೊಂದು ಸಲ ಹೀಗಾದ್ರೆ ಇಲ್ಲಿವರೆಗೂ ಬರೋಷ್ಟು ಟೈಮ್ ಸಿಗದೇ ಇರಬಹುದು.’

ಹೊಗೆಯಲ್ಲ, ಧೂಳಲ್ಲ, ಬೆಕ್ಕು ಮನೆಯೊಳಗೆ ಬಂದಿರಲಿಲ್ಲ. ಮತ್ತೆ ಯಾವುದು? ಮಗಳು ಮೂಲೆಯ ಸ್ಟೂಲಿನ ಮೇಲೆ ಬೆರಳು ಹಿಸುಕಿಕೊಳ್ಳುತ್ತಾ ಕೂತಿದ್ದಳು. ನಾನು ಕರೆದರೂ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಅದೇ ಆಟೋವನ್ನು ವಾಪಸ್ ಕರೆಸಿಕೊಂಡು, ಸೆರಗು ಹೊದ್ದು, ಕೈಯಲ್ಲೊಂದು ಫ್ಲಾಸ್ಕ್ ಹಿಡಿದು ಬಂದಿದ್ದರು. ನನ್ನ ಮುಖ ನೋಡಲಿಲ್ಲ. ನೇರವಾಗಿ ತಂಗಿಯ ಹಾಸಿಗೆಯ ಹತ್ತಿರ ಹೋಗಿ ತಲೆ ನೇವರಿಸಿದರು. ಔಷಧಿ ಮುಗಿದು ನರ್ಸ್ ಮಾಸ್ಕನ್ನು ಕೆಳಗಿಳಿಸಿದ್ದರು. ಅವಳ ತುಟಿ ಒಣಗಿ ಬಿಳಿಚಿಕೊಂಡಿತ್ತು.

‘ಬಾಯಾರ್ತಿದೆ’ ಎಂದಳು. ಗಂಟಲಿನಿಂದ ಗಾಳಿ ಮಾತ್ರ ಬಂತು.

‘ಅದಕ್ಕೇ ತಂದಿದ್ದೀನಿ ತಾಯಿ. ಬಿಸಿನೀರಿಗೆ ಸ್ಕ್ವಾಶ್ ಬೆರೆಸ್ಕೊಂಡು ಬಂದಿದ್ದೀನಿ, ಸ್ವಲ್ಪ ಗಟ್ಟಿಯಾಗೇ. ಕಫ ಎಲ್ಲ ಕರಗುತ್ತೆ.’

ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸಿದರು. ಬಿಸಿ ಆವಿ ಎದ್ದಿತು. ತಂಗಿ ಮೊಣಕೈ ಊರಿ ಎದ್ದು ಕೂತು, ಎರಡೂ ಕೈ ಚಾಚಿ ಲೋಟ ತೆಗೆದುಕೊಂಡು ಬಾಯಿಯ ಹತ್ತಿರ ತಂದಳು.

ಮೂಲೆಯಲ್ಲಿದ್ದ ಮಗಳು ಯಾವಾಗ ಎದ್ದಳೋ ಗೊತ್ತಿಲ್ಲ. ಬಂದವಳೇ ಆ ಲೋಟಕ್ಕೆ ಫಟೀರೆಂದು ಹೊಡೆದಳು. ಸ್ಕ್ವಾಶ್ ಹಾಸಿಗೆಯ ಮೇಲೆ, ಅತ್ತೆಯ ಸೀರೆಯ ಮೇಲೆ ಚೆಲ್ಲಿತು, ಲೋಟ ಠಣಠಣ ಉರುಳಿ ಪರದೆಯಾಚೆಯ ಹಾಸಿಗೆಯ ಕೆಳಗೆ ಹೋಯಿತು. ನಾನು ಹೊಡೆಯಲು ಕೈ ಎತ್ತಿದೆ.

‘ಅದರಲ್ಲೂ ಅದೇ ಪುಡಿ ಇದೆ!’ ಎಂದು ಕಿರುಚಿದಳು ಮಗಳು. ‘ಅಮ್ಮಾ, ಅದರಲ್ಲೂ ಅದೇ ಪುಡಿ ಇದೆ!’

ಎತ್ತಿದ ಕೈ ಹಾಗೇ ನಿಂತಿತು.

‘ಯಾವ ಪುಡಿ?’ ಎಂದು ಕೇಳಿದ್ದು ತಂಗಿ.

ಬಿಕ್ಕುತ್ತಾ ಬಿಕ್ಕುತ್ತಾ ಎಲ್ಲ ಹೊರಬಂತು. ಸ್ಕ್ವಾಶ್ ಮಾಡುವಾಗ ಅಜ್ಜಿ ಕೊನೆಯಲ್ಲಿ ಬಿಳಿ ಪುಡಿ ಹಾಕುವುದನ್ನು ಅವಳು ನೋಡಿದ್ದಳು. ಯಾಕೆ ಎಂದು ಕೇಳಿದಾಗ, ‘ಬಣ್ಣ ಕೆಡಬಾರದು ಅಂತ’ ಎಂದಿದ್ದರು ಅಜ್ಜಿ. ಬಣ್ಣ ಕೆಡದಂತೆ ಮಾಡುವುದೇ ತಾನೆ ತನಗೂ ಬೇಕಿದ್ದದ್ದು! ಕೇಳಿದರೆ ಕೊಡುವುದಿಲ್ಲವೆಂದು ಹೇಳದೆ ತೆಗೆದುಕೊಂಡಿದ್ದಳು. ಅಜ್ಜಿ ಒಂದು ಪಾತ್ರೆಗೆ ಹಾಕುವಷ್ಟನ್ನು ಒಂದು ಬಟ್ಟಲು ನಿಂಬೆನೀರಿಗೆ ಸುರಿದು, ಸೇಬು ಅದ್ದಿ ತೆಗೆದು, ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿಟ್ಟಿದ್ದಳು.

‘ನಾನು ಚಿಕ್ಕಮ್ಮನ್ನ ಸಾಯಿಸ್ಬಿಡ್ತಿದ್ದೆ’ ಎಂದಳು.

ತಂಗಿ ಅತ್ತೆಯ ಕಡೆ ನೋಡಿದಳು. ‘ಅತ್ತೆ, ಆ ಪುಡಿ ಹೇಗಿರುತ್ತೆ?’

‘ಸ್ಕ್ವಾಶ್ ಪುಡಿ ಕಣಮ್ಮ, ಶಿವಾಜಿನಗರದಿಂದ ತರಿಸೋದು’ ಎಂದರು ಅತ್ತೆ, ಒದ್ದೆ ಸೆರಗು ಹಿಡಿದುಕೊಂಡು. ‘ಉಪ್ಪಿನಂಗೆ ಬೆಳ್ಳಗಿರುತ್ತೆ. ಬಾಟ್ಲಿ ತೆಗೆದ್ರೆ ಬೆಂಕಿಕಡ್ಡಿ ಗೀರಿದಂಗೆ ಘಾಟು. ಸಂಘದಲ್ಲಿ ಹೇಳಿಕೊಟ್ಟಿದ್ದೇ ಹಾಗೆ. ಒಂದು ಚಿಟಿಕೆ ಅಂದಿದ್ರು, ನಾನು ಕೆಡಬಾರದು ಅಂತ ಇನ್ನೊಂಚೂರು ಹಾಕ್ತೀನಿ. ಅದು ಕೆಮಿಕಲ್ ಅಲ್ವಲ್ಲಮ್ಮ? ಅಡುಗೆಮನೆ ಪುಡಿ ತಾನೆ?’

ತಂಗಿ ಕಣ್ಣು ಮುಚ್ಚಿಕೊಂಡಳು. ‘ಪೊಟ್ಯಾಸಿಯಂ ಮೆಟಾಬೈಸಲ್ಫೈಟ್’ ಎಂದಳು. ಗಲಾಟೆ ಕೇಳಿ ಬಂದಿದ್ದ ಡಾಕ್ಟರು ತಕ್ಷಣ ಹೌದೆಂದು ತಲೆಯಾಡಿಸಿದರು.

ಆಮೇಲೆ ಅವಳು ಉಸಿರಿಗಾಗಿ ನಿಲ್ಲಿಸಿ ನಿಲ್ಲಿಸಿ ನಮಗೆಲ್ಲ ಬಿಡಿಸಿ ಹೇಳಿದಳು. ಆ ಪುಡಿ ಹುಳಿಗೆ ಬಿದ್ದರೆ ಅದರಿಂದ ಘಾಟು ಅನಿಲ ಹೊರಡುತ್ತದೆ. ಸೇಬನ್ನು ಕಪ್ಪು ಮಾಡುವ ಎನ್‌ಜೈಮನ್ನು ಆ ಪುಡಿ ಕಟ್ಟಿಹಾಕುತ್ತದೆ, ಅದಕ್ಕೇ ಹೋಳು ಸಂಜೆಯವರೆಗೂ ಬೆಳ್ಳಗಿತ್ತು. ಹೆಚ್ಚಿನವರಿಗೆ ಸ್ಕ್ವಾಶಿನಲ್ಲಿರುವಷ್ಟು ಕುಡಿದರೆ ಏನೂ ಆಗುವುದಿಲ್ಲ. ಆಸ್ತಮಾ ಇರುವ ಕೆಲವರಿಗೆ ಮಾತ್ರ ಅದು ಉಸಿರಿನ ದಾರಿಯನ್ನೇ ಹಿಂಡಿಬಿಡುತ್ತದೆ. ಮುಚ್ಚಿದ ಡಬ್ಬಿ ಮುಖದ ಮುಂದೆ ತೆರೆದಾಗ ಆ ಅನಿಲ ನೇರವಾಗಿ ಅವಳೊಳಗೆ ಹೋಗಿತ್ತು. ಕಟ್ಟಿದ ಮೂಗಿಗೆ ವಾಸನೆ ಹತ್ತಿರಲಿಲ್ಲ.

‘ಇಷ್ಟು ಗೊತ್ತಿದ್ದೂ ಹೇಗೆ ಹೊಳೀಲಿಲ್ಲ ನನಗೆ?’ ಎಂದಳು. ಅತ್ತೆಯನ್ನು ನೋಡಿದವಳು ಮುಂದಿನ ಮಾತು ಆಡಲಿಲ್ಲ.

ಆಡಬೇಕಾಗಿಯೂ ಇರಲಿಲ್ಲ. ಅತ್ತೆ ಲೆಕ್ಕಕ್ಕೆ ದಡ್ಡರಲ್ಲ. ಬಾಗಿಲಲ್ಲಿ ಲೋಟ, ಆಮೇಲೆ ಕೆಮ್ಮು. ಯುಗಾದಿಗೆ ಬಂದಾಗ, ಮಗಳ ಹುಟ್ಟುಹಬ್ಬಕ್ಕೆ ಬಂದಾಗ, ಮೊನ್ನೆ ಭಾನುವಾರ, ಪ್ರತಿ ಸಲವೂ ಮೊದಲು ಲೋಟ, ಆಮೇಲೆ ಕೆಮ್ಮು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ನಾವು ಸಾಂಬ್ರಾಣಿಯನ್ನೂ ಬೆಕ್ಕನ್ನೂ ಹುಡುಕುತ್ತಿದ್ದೆವು. ಅತ್ತೆ ಫ್ಲಾಸ್ಕನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು.

‘ನಾನೇನಾ ಕೊಡ್ತಿದ್ದಿದ್ದು?’ ಎಂದರು. ‘ಇಷ್ಟು ವರ್ಷದಿಂದ ನಾನೇನಾ?’

ನನಗಂತೂ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಂಜೆ ನಾನು ಅವರ ದೇವರನ್ನೂ ಬಿಡದೆ ಬೈದಿದ್ದೆ. ತಂಗಿಯೇ ಕೈ ಚಾಚಿ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು, ‘ಅಳಬೇಡ ಬಿಡೇ. ಎರಡನೇ ಸಲ ತಡೆದಿದ್ದು ಯಾರು? ನೀನೇ ತಾನೆ?’ ಎಂದಳು. ಮಗಳ ಬಿಕ್ಕು ಕಡಿಮೆಯಾಯಿತು. ಅತ್ತೆ ಫ್ಲಾಸ್ಕನ್ನು ಹೊರಗಿನ ನಲ್ಲಿಯ ಹತ್ತಿರ ಖಾಲಿ ಮಾಡಿ, ತೊಳೆದು, ಮತ್ತೆ ತೊಳೆದು, ಮಗಳನ್ನೂ ಕರೆದುಕೊಂಡು ಮನೆಗೆ ಹೊರಟರು.

ಡಾಕ್ಟರು ಆ ರಾತ್ರಿ ತಂಗಿಯನ್ನು ಅಲ್ಲೇ ಇಟ್ಟುಕೊಂಡರು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಿ, ಅಲ್ಲಿಯವರೆಗೆ ಆ ಪುಡಿ ಇರುವ ಯಾವುದನ್ನೂ ಹತ್ತಿರಕ್ಕೂ ತರಬೇಡಿ ಎಂದರು.

ಬೆಳಿಗ್ಗೆ ಅತ್ತೆ ಮಗಳನ್ನು ಕರೆದುಕೊಂಡು ಬಂದರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲವೆಂದು ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಬಾಟಲಿಗಳನ್ನೆಲ್ಲ ಬಚ್ಚಲಿಗೆ ಸುರಿದರು ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಅತ್ತೆ ಚೀಲದಿಂದ ಒಂದು ಸೇಬು, ಒಂದು ಚಾಕು, ಒಂದು ತಟ್ಟೆ ತೆಗೆದರು. ಸೇಬನ್ನು ನಮ್ಮೆಲ್ಲರ ಕಣ್ಣೆದುರಿಗೇ ಅಲ್ಲಿನ ನಲ್ಲಿಯಲ್ಲಿ ತೊಳೆದರು. ಸೆರಗಿನಲ್ಲಿ ಒರೆಸಿ, ನಿಧಾನವಾಗಿ ಹೋಳು ಮಾಡಿ ತಟ್ಟೆಯಲ್ಲಿ ಜೋಡಿಸಿದರು.

ತಂಗಿಗೆ ಹಸಿವಾಗಿತ್ತು. ಕೈ ಚಾಚಿದಳು. ಅತ್ತೆ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು.

‘ಇರು ತಾಯಿ’ ಎಂದರು. ‘ಕಪ್ಪಾಗ್ಲಿ. ಆಮೇಲೆ ತಿನ್ನು.’

ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಹೋಳುಗಳ ಮೇಲಿಂದ ಕಣ್ಣು ತೆಗೆಯದೆ ಕೂತರು. ಮಗಳು ಅವರ ಪಕ್ಕದಲ್ಲಿ ಕೂತು ನೋಡತೊಡಗಿದಳು. ಆ ಪರೀಕ್ಷೆ ಬೇಕಾಗಿಲ್ಲ, ನೀವು ಕೊಟ್ಟರೆ ಸಾಕು ಎಂದು ಹೇಳಲು ತಂಗಿ ಬಾಯಿ ತೆರೆದದ್ದನ್ನು ನಾನು ನೋಡಿದೆ. ಆದರೆ ಅತ್ತೆಯ ಮುಖ ನೋಡಿದವಳು ಕೈ ಮಡಿಚಿಕೊಂಡು, ಅಂಚು ಕಂದಾಗುವವರೆಗೆ ಕಾದಳು.